ಪ್ರಾಜೆಕ್ಟ್ ಬದಲಿಸಿಕೊಡಿ ಎಂದು ಮ್ಯಾನೇಜರಿಗೆ ಬರೆಯುವ ಮುನ್ನ

ಪ್ರಶ್ನೆ: ನಾನು ಹಾಸನ ಕಡೆಯವಳು, ವಿಟಿಯು ಕಾಲೇಜಿನಲ್ಲಿ ಎಂಟನೇ ಸೆಮಿಸ್ಟರ್ ಇಂಜಿನಿಯರಿಂಗ್ ಓದುತ್ತಿದ್ದೇನೆ. ಗುರುಗ್ರಾಮದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಇಪ್ಪತ್ತು ವಾರದ ಇಂಟರ್ನ್‌ಶಿಪ್ ಸಿಕ್ಕಿ ಫೆಬ್ರವರಿ 2ರಂದು ಸೇರಿದೆ. ಜನಕಪುರಿಯ ಸಿ ಬ್ಲಾಕಿನಲ್ಲಿರುವ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ನನ್ನನ್ನು ಒಂದು ವಿಮಾ ಕಂಪನಿಯ ವೆಬ್‌ಸೈಟ್ ಟೆಸ್ಟಿಂಗ್‌ಗೆ ಹಾಕಿದ್ದಾರೆ. ಎಕ್ಸೆಲ್ ಹಾಳೆಯಲ್ಲಿ ನೂರ ನಲವತ್ತು ಟೆಸ್ಟ್ ಕೇಸ್‌ಗಳಿವೆ. ಪ್ರತಿ ವಾರ ಅವನ್ನೇ ಕೈಯಲ್ಲಿ ಓಡಿಸಿ ಪಾಸ್, ಫೇಲ್ ಎಂದು ಬರೆಯಬೇಕು, ತಪ್ಪು ಕಂಡರೆ ಜೀರಾದಲ್ಲಿ ಟಿಕೆಟ್ ಹಾಕಬೇಕು. ಆರು ವಾರವಾಯಿತು, ಇದೇ ಕೆಲಸ. ಪಕ್ಕದ ತಂಡದವರು ಪೈಥಾನ್, ಎಸ್‌ಕ್ಯೂಎಲ್‌ನಲ್ಲಿ ಡೇಟಾ ಪೈಪ್‌ಲೈನ್ ಕಟ್ಟುತ್ತಿದ್ದಾರೆ. ನನಗೆ ಅಲ್ಲಿಗೆ ಹೋಗಬೇಕು. ಬೆಳಗಿನ ಮೀಟಿಂಗಿನಲ್ಲಿ ಎಲ್ಲರೂ ಹಿಂದಿಯಲ್ಲೇ ಮಾತಾಡುತ್ತಾರೆ, ನನಗೆ ಅರ್ಧಂಬರ್ಧ ತಿಳಿಯುತ್ತದೆ. ಹೀಗಾಗಿ ಯಾರನ್ನೂ ಏನೂ ಕೇಳಲಾಗುತ್ತಿಲ್ಲ. ಮ್ಯಾನೇಜರಿಗೆ ಕಳಿಸಬೇಕೆಂದು ಒಂದು ಮೇಲ್ ಬರೆದಿದ್ದೇನೆ, ಇದರ ಜೊತೆಗಿಟ್ಟಿದ್ದೇನೆ. ಎಚ್‌ಆರ್‌ಗೂ ಕಾಲೇಜಿನ ಗೈಡ್‌ಗೂ ಕಾಪಿ ಹಾಕೋಣ ಅಂತಿದ್ದೇನೆ. ಚಿಕ್ಕಪ್ಪ ಮಾತ್ರ, 'ಕೊಟ್ಟ ಕೆಲಸ ಮಾಡಿಕೊಂಡು ಸುಮ್ಮನಿರು, ಬಂದ ಹೊಸದರಲ್ಲೇ ಅರ್ಜಿ ಹಾಕಿದರೆ ಹೆಸರು ಕೆಡುತ್ತೆ' ಎನ್ನುತ್ತಾರೆ. ಪಿಪಿಒ ಕೈತಪ್ಪುತ್ತದೋ ಎಂದು ಭಯ. ಕಳಿಸಲೋ ಬೇಡವೋ?
— ಹೆಸರು ಬೇಡ, ಜನಕಪುರಿ, ದೆಹಲಿ

ಉತ್ತರ: ಕಳಿಸಿ. ಆದರೆ ಈ ಮೇಲ್ ಬೇಡ, ಇವತ್ತೇ ಬೇಡ, ಇಷ್ಟು ಜನರಿಗೂ ಬೇಡ.

ಚಿಕ್ಕಪ್ಪ ಕೇಂದ್ರ ಸರ್ಕಾರದ ನೌಕರಿಯಲ್ಲಿ ವರ್ಷಗಟ್ಟಲೆ ಇದ್ದವರೆಂದು ನಿಮ್ಮ ಪತ್ರದ ಇನ್ನೊಂದು ಕಡೆ ಬರೆದಿದ್ದೀರಿ. ಅವರ ಲೋಕದಲ್ಲಿ ಅವರ ಮಾತು ಸರಿ. ಅಲ್ಲಿ ಜಾಗ ಬದಲಿಸಿ ಎಂಬ ಕಾಗದ ಕಡತದಲ್ಲಿ ಕೂರುತ್ತದೆ, ಮೇಲಿನವರೆಗೂ ಹೋಗುತ್ತದೆ, ಹೊಸಬರು ಬರೆದರೆ ಅದು ದೂರಿನಂತೆ ಕಾಣುತ್ತದೆ. ನಿಮ್ಮ ಕಂಪನಿಯಲ್ಲಿ ಇಂಟರ್ನ್ ಒಬ್ಬರನ್ನು ಆಚೆ ತಂಡಕ್ಕೆ ಕಳಿಸುವುದು ಇಬ್ಬರು ಮ್ಯಾನೇಜರುಗಳು ಚಹಾ ಕುಡಿಯುತ್ತ ಮುಗಿಸಿಬಿಡುವ ಮಾತು. ಕೇಳುವುದರಿಂದ ಹೆಸರು ಕೆಡುವುದಿಲ್ಲ. ಹೇಗೆ ಕೇಳಿದಿರಿ ಎಂಬುದರಿಂದ ಕೆಡಬಹುದು. ನಿಮ್ಮ ಕರಡು ನೋಡಿದ ಮೇಲೆ ಇದನ್ನು ಒತ್ತಿ ಹೇಳಬೇಕೆನಿಸಿತು.

ಮೊದಲು ಒಂದು ವಿಷಯ ಬೇರ್ಪಡಿಸಿಕೊಳ್ಳಿ. ನಿಮ್ಮ ಪತ್ರದಲ್ಲಿ ಎರಡು ಸಂಕಟಗಳಿವೆ, ನೀವು ಎರಡಕ್ಕೂ ಒಂದೇ ಮದ್ದು ಹುಡುಕುತ್ತಿದ್ದೀರಿ. ಟೆಸ್ಟಿಂಗಿನಲ್ಲಿ ಕಲಿಯಲು ಸಿಗುತ್ತಿಲ್ಲ ಎಂಬುದು ಒಂದು. ಹಿಂದಿ ಮಾತಿನ ನಡುವೆ ಕೇಳಲಾಗುತ್ತಿಲ್ಲ ಎಂಬುದು ಇನ್ನೊಂದು. ಪ್ರಾಜೆಕ್ಟ್ ಬದಲಾದರೆ ಮೊದಲನೆಯದು ಹೋಗಬಹುದು, ಎರಡನೆಯದು ಹೋಗುವುದಿಲ್ಲ. ಪಕ್ಕದ ತಂಡದವರೂ ಮಾತಾಡುವುದು ಹಿಂದಿಯೇ. ಅಲ್ಲಿ ವಿಷಯವೂ ಹೊಸದು, ಮಾತೂ ತೊಡಕು, ಜೊತೆಗೆ 'ಕೇಳಿಕೊಂಡು ಬಂದವಳು' ಎಂಬ ನಿರೀಕ್ಷೆ ಬೇರೆ. ಹೋಗಿ ಎರಡು ವಾರಕ್ಕೆ ಇನ್ನೂ ಹೆಚ್ಚು ಕುಗ್ಗುತ್ತೀರಿ.

ಬರುವ ವಾರ ಇಡೀ ಒಂದು ಕೆಲಸ ಮಾಡಿ. ಸಂಜೆ ಆಫೀಸಿನಿಂದ ಹೊರಡುವ ಮುನ್ನ, ಆ ದಿನ ತಿಳಿಯದೆ ಹೋದದ್ದನ್ನೆಲ್ಲ ಒಂದು ಪುಟದಲ್ಲಿ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಇದು ಭಾಷೆಯಿಂದ ತಪ್ಪಿತೋ, ವಿಷಯ ಗೊತ್ತಿಲ್ಲದೆ ತಪ್ಪಿತೋ, ಯಾರೂ ತೋರಿಸದೆ ತಪ್ಪಿತೋ ಎಂದು ಗುರುತು ಹಾಕಿ. ಭಾಷೆಯ ಗುರುತೇ ಹೆಚ್ಚಿದ್ದರೆ ನೀವು ಬೇಡಬೇಕಾದ್ದು ಪ್ರಾಜೆಕ್ಟ್ ಅಲ್ಲ. ಬೆಳಗಿನ ಮೀಟಿಂಗ್ ಮುಗಿದ ಕೂಡಲೇ ತಂಡದ ಲೀಡ್‌ಗೆ ಚಾಟ್‌ನಲ್ಲಿ, 'ಇವತ್ತು ನನ್ನ ಪಾಲಿಗೆ ಬಂದದ್ದು ಇವು ತಾನೇ?' ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಕೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಎದುರಿಗೆ ಹಿಂದಿಯಲ್ಲಿ ತಡವರಿಸುವ ಮುಜುಗರವೂ ಇಲ್ಲ, ಬರಹದಲ್ಲಿ ದಾಖಲೆಯೂ ಉಳಿಯಿತು. ದಕ್ಷಿಣದಿಂದ ದೆಹಲಿಗೆ ಬಂದ ಎಷ್ಟೋ ಹುಡುಗರು ಮೊದಲ ತಿಂಗಳು ಹೀಗೇ ದಾಟಿದ್ದಾರೆ.

ಯಾರೂ ತೋರಿಸದೆ ತಪ್ಪಿತು ಎಂಬ ಮೂರನೆಯ ಗುರುತೇ ಹೆಚ್ಚು ಬೀಳುತ್ತದೆಂದು ನನ್ನ ಊಹೆ. ಫೆಬ್ರವರಿ 29ರ ಪಾಲಿಸಿಯ ಟಿಕೆಟ್ ಬಗ್ಗೆ ನೀವು ಪತ್ರದ ಇನ್ನೊಂದು ಕಡೆ ಬರೆದದ್ದನ್ನು ಓದಿ ಹಾಗೆ ಅನಿಸಿತು. 2024ರ ಫೆಬ್ರವರಿ 29ರಂದು ಶುರುವಾದ ಪಾಲಿಸಿಗೆ ಮರುವರ್ಷದ ನವೀಕರಣದ ದಿನ ಪರದೆಯ ಮೇಲೆ ಮಾರ್ಚ್ 1 ಎಂದು ಬಂತು, ಡೌನ್‌ಲೋಡ್ ಆದ ಪತ್ರದಲ್ಲಿ ಫೆಬ್ರವರಿ 28 ಎಂದಿತ್ತು. ನೀವು ಟಿಕೆಟ್ ಹಾಕಿದಿರಿ, ಮೂರನೇ ದಿನ 'ಸರಿಪಡಿಸಲಾಗಿದೆ' ಎಂದು ಮುಚ್ಚಿದರು, ನೀವು ಮತ್ತೆ ನೋಡಿ ಪಾಸ್ ಎಂದು ಬರೆದಿರಿ. ಅಲ್ಲಿಗೆ ಮುಗಿಯಿತು.

ಅಲ್ಲಿಗೆ ಮುಗಿಯಬಾರದಿತ್ತು. ಒಂದೇ ಪಾಲಿಸಿಗೆ ಎರಡು ದಿನಾಂಕ ಬಂದಿದ್ದರೆ ಎರಡು ಕಡೆ ಎರಡು ಬಗೆಯ ಲೆಕ್ಕ ನಡೆದಿರಬೇಕು. ಒಂದು ಕಡೆ 365 ದಿನ ಕೂಡಿಸಿದ್ದರೆ 2025ರ ಫೆಬ್ರವರಿ 28 ಬರುತ್ತದೆ. ಇನ್ನೊಂದು ಕಡೆ ಇಸವಿಯ ಅಂಕಿಯನ್ನಷ್ಟೇ ಒಂದು ಹೆಚ್ಚಿಸಿದ್ದರೆ 2025ರಲ್ಲಿ ಇಲ್ಲದ ಫೆಬ್ರವರಿ 29 ಆಗಿ, ಕೆಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದು ತಾನಾಗಿ ಮಾರ್ಚ್ 1ಕ್ಕೆ ಜಾರುತ್ತದೆ. ಹಾಗೇ ಆಗಿತ್ತೋ ಬೇರೆ ಏನಾದರೂ ಇತ್ತೋ, ಯಾವ ದಿನವನ್ನು ಸರಿ ಎಂದು ತೀರ್ಮಾನಿಸಿದರು, ಆ ತೀರ್ಮಾನ ಪಾಲಿಸಿಯ ಯಾವ ಷರತ್ತಿನಿಂದ ಬಂತು, ಈಗಾಗಲೇ ತಪ್ಪು ದಿನ ಹೋಗಿರುವ ಗ್ರಾಹಕರಿಗೆ ಏನು ಮಾಡಿದರು? ಈ ಪ್ರಶ್ನೆಗಳೊಂದಿಗೆ ಆ ಡೆವಲಪರ್ ಹತ್ತಿರ ಹತ್ತು ನಿಮಿಷ ಕೂತಿದ್ದರೆ ಕೋಡ್, ಡೇಟಾಬೇಸ್, ವಿಮೆಯ ವ್ಯವಹಾರ ಮೂರನ್ನೂ ಒಂದೇ ಟಿಕೆಟ್‌ನಲ್ಲಿ ನೋಡುತ್ತಿದ್ದಿರಿ. ನಿಮ್ಮ ಟೆಸ್ಟಿಂಗಿನಲ್ಲಿ ಕಲಿಕೆ ಇಲ್ಲವೆಂದಲ್ಲ, ಟಿಕೆಟ್ ಮುಚ್ಚಿದ ಕೂಡಲೇ ಅದರ ಬಾಗಿಲೂ ಮುಚ್ಚುತ್ತಿದೆ.

ಹಾಗೆಂದು ನಿಮ್ಮ ಆಸೆ ತಪ್ಪಲ್ಲ. ನೂರ ನಲವತ್ತು ಕೇಸ್‌ಗಳನ್ನು ಇಪ್ಪತ್ತು ವಾರವೂ ಕೈಯಲ್ಲೇ ಓಡಿಸುವುದು ನಿಮ್ಮ ಸಮಯದ ಪೋಲು. ಇದನ್ನು ಮ್ಯಾನೇಜರ್ ಕೂಡ ಒಪ್ಪಬಹುದು, ನೀವು ಸರಿಯಾಗಿ ಮುಂದಿಟ್ಟರೆ.

ಈಗ ನಿಮ್ಮ ಕರಡಿಗೆ ಬರೋಣ. 'ಈಗಿನ ಪ್ರಾಜೆಕ್ಟಿನಲ್ಲಿ ನನಗೆ ಕಲಿಯಲು ಏನೂ ಇಲ್ಲ. ಆರು ವಾರದಿಂದ ಬರೀ ಟೆಸ್ಟಿಂಗ್ ಕೊಡುತ್ತಿದ್ದಾರೆ. ನನ್ನ ಕೌಶಲಕ್ಕೆ ತಕ್ಕ ಪ್ರಾಜೆಕ್ಟ್‌ಗೆ ಆದಷ್ಟು ಬೇಗ ಬದಲಿಸಿಕೊಡಬೇಕಾಗಿ ವಿನಂತಿ' ಎಂದಿದೆ. ನೀವು ಇದನ್ನು ಮ್ಯಾನೇಜರ್ ಒಬ್ಬರನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದೀರಿ. ಅವರು ನಿಮ್ಮ ಕೋರಿಕೆ ನಡೆಸಿಕೊಡಬೇಕೆಂದರೆ ಮೊದಲು ಈಗಿನ ಲೀಡ್‌ಗೆ ಅದನ್ನು ಫಾರ್ವರ್ಡ್ ಮಾಡುತ್ತಾರೆ, ಆಮೇಲೆ ಡೇಟಾ ತಂಡದ ಮ್ಯಾನೇಜರಿಗೆ. ಲೀಡ್ ಅದರಲ್ಲಿ ತಮ್ಮ ಮೇಲಿನ ದೂರು ಓದುತ್ತಾರೆ: 'ಏನೂ ಇಲ್ಲ', 'ಬರೀ ಕೊಡುತ್ತಿದ್ದಾರೆ'. ಡೇಟಾ ತಂಡದವರು, ನಾಳೆ ನಮ್ಮ ಬಗ್ಗೆಯೂ ಹೀಗೇ ಬರೆಯುತ್ತಾಳೆಂದು ಓದುತ್ತಾರೆ. ನಿಮ್ಮ ಮ್ಯಾನೇಜರಿಗಂತೂ ಏನು ಮಾಡಬೇಕೆಂಬುದೇ ಗೊತ್ತಾಗುವುದಿಲ್ಲ. ಎಲ್ಲಿಗೆ ಬದಲಿಸಬೇಕು? ಯಾವಾಗಿನಿಂದ? ನೂರ ನಲವತ್ತು ಕೇಸ್ ಯಾರು ಓಡಿಸಬೇಕು? ಮೇಲ್‌ನಲ್ಲಿ ಒಂದಕ್ಕೂ ಉತ್ತರವಿಲ್ಲ. ಕೋರಿಕೆಯ ಹೊರೆಯೆಲ್ಲ ಅವರ ತಲೆಯ ಮೇಲೆ. ಇಂಥ ಮೇಲ್‌ಗೆ 'ನೋಡೋಣ' ಎಂಬ ಉತ್ತರ ಬರುತ್ತದೆ, ಆ 'ನೋಡೋಣ' ಜೂನ್‌ವರೆಗೂ ನಡೆಯುತ್ತದೆ.

ಮ್ಯಾನೇಜರ್ ಹೂಂ ಅನ್ನಲು ಏನೇನು ಮಾಡಬೇಕಾಗುತ್ತದೆ ನೋಡಿ. ಡೇಟಾ ತಂಡದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ನಿಮಗೆ ಹೇಳಿಕೊಡುವವರನ್ನು ಹುಡುಕಬೇಕು. ಅವರ ರೆಪೊಸಿಟರಿಗೆ, ಸರ್ವರಿಗೆ ನಿಮಗೆ ಪ್ರವೇಶ ಕೊಡಿಸಬೇಕು, ಇದಕ್ಕೆ ಎಷ್ಟೋ ಕಡೆ ಗ್ರಾಹಕ ಕಂಪನಿಯ ಒಪ್ಪಿಗೆಯೂ ಬೇಕಾಗುತ್ತದೆ. ನಿಮಗೆ ತಿಳಿಯದ ದೊಡ್ಡ ತೊಡಕು ಇಲ್ಲೇ ಇರಬಹುದು. ಆ ಪೈಪ್‌ಲೈನ್‌ನಲ್ಲಿ ಹರಿಯುವುದು ಜನರ ಹೆಸರು, ಫೋನ್ ನಂಬರು, ಕಾಯಿಲೆಯ ವಿವರ. ಹೊರಗಿನ ಕಂಪನಿಗೆ ಇಂಥ ಮಾಹಿತಿ ಕೊಡುವಾಗ ವಿಮಾ ಸಂಸ್ಥೆಗಳು ಬಿಗಿಯಾದ ಒಪ್ಪಂದ ಬರೆಸಿಕೊಳ್ಳುತ್ತವೆ, 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ನಾಲ್ಕು ತಿಂಗಳಿಗೆ ಬಂದು ಹೋಗುವ ಇಂಟರ್ನ್‌ಗೆ ಆ ಬಾಗಿಲು ತೆಗೆಯಲು ಮ್ಯಾನೇಜರ್ ಹಿಂಜರಿದರೆ ಅದು ನಿಮ್ಮ ಮೇಲಿನ ಅನುಮಾನವಲ್ಲ. ಆದ್ದರಿಂದ ನಿಜವಾದ ಗ್ರಾಹಕರ ಡೇಟಾ ಮುಟ್ಟದ ಕೆಲಸವನ್ನೇ ಬೇಡಿ. ಹೆಸರು, ನಂಬರ್ ಮರೆಮಾಡಿದ ಟೆಸ್ಟ್ ಡೇಟಾ ಇಂಥ ತಂಡಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಪೈಪ್‌ಲೈನ್‌ನ ಪ್ರತಿ ಹಂತದಲ್ಲಿ ಎಷ್ಟು ಸಾಲು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಯಾವುದರಲ್ಲಿ ದಿನಾಂಕ ಖಾಲಿ ಎಂದು ತಾಳೆ ನೋಡುವ ಎಸ್‌ಕ್ಯೂಎಲ್ ಬರೆಯುವುದು ಒಳ್ಳೆಯ ಆರಂಭ. ಟೆಸ್ಟಿಂಗ್ ಮಾಡಿದವಳಿಗೆ ಒಪ್ಪುವ ಕೆಲಸ, ಅವರಿಗೂ ಬೇಕಾದ ಕೆಲಸ.

ಸಮಯದ ಲೆಕ್ಕವನ್ನೂ ನೀವೇ ಮಾಡಿ ಒಪ್ಪಿಸಿ. ವಿಟಿಯುವಿನ 2022ರ ಸ್ಕೀಮ್‌ನಲ್ಲಿ ಈ ಇಂಟರ್ನ್‌ಶಿಪ್ 14ರಿಂದ 20 ವಾರ, ನಿಮ್ಮದು ಪೂರಾ ಇಪ್ಪತ್ತು. ಅಂದರೆ ಜೂನ್ 19, ಶುಕ್ರವಾರಕ್ಕೆ ಮುಗಿಯುತ್ತದೆ. ಈಗ ಮಾರ್ಚ್ ಮಧ್ಯ. ವಿಮಾ ಕಂಪನಿಗಳಿಗೆ ಆರ್ಥಿಕ ವರ್ಷದ ಕೊನೆಯ ಈ ಹದಿನೈದು ದಿನ ಜೀವ ಹಿಂಡುವ ಕಾಲ, ನಿಮ್ಮ ಲೀಡ್ ಈಗ ಒಬ್ಬರನ್ನೂ ಬಿಡಲಾರರು. ಈ ವಾರವೇ ಬದಲಿಸಿ ಎಂದರೆ ಉತ್ತರ ಇಲ್ಲವೆಂದೇ. ಏಪ್ರಿಲ್ 6, ಸೋಮವಾರದಿಂದ ಎಂದು ಕೇಳಿ. ಅಲ್ಲಿಂದ ಹನ್ನೊಂದು ವಾರ ಉಳಿಯುತ್ತದೆ. ಕೊನೆಯ ಎರಡು ವಾರ ವರದಿಗೆ, ಡೆಮೊಗೆ ಹೋಗುತ್ತವೆ. ಪ್ರವೇಶ ಸಿಗುವುದಕ್ಕೂ ಹೊಸ ಕೋಡ್ ಅರ್ಥವಾಗುವುದಕ್ಕೂ ಮೂರು ವಾರ ಬಿಡಿ. ಕೈಯಲ್ಲಿ ಉಳಿಯುವುದು ಆರು ವಾರದ ನಿಜವಾದ ಕೆಲಸ. ಒಂದು ಸಣ್ಣ ತುಂಡನ್ನು ಮುಗಿಸಿ ತೋರಿಸಲು ಅಷ್ಟು ಸಾಕು. ಮೇ ತಿಂಗಳಲ್ಲಿ ಕೇಳಿದರೆ ಇದೇ ಲೆಕ್ಕದಲ್ಲಿ ಒಂದೆರಡು ವಾರಕ್ಕಿಂತ ಹೆಚ್ಚು ಮಿಗುವುದಿಲ್ಲ, ಆಗ ಬದಲಾವಣೆಯ ಮಾತು ತೆಗೆಯಲೇಬೇಡಿ.

ಮೇಲ್‌ಗಿಂತ ಮುಂಚೆ ಮಾತು. ಯಾವ ಮ್ಯಾನೇಜರೂ ಇಂಥ ಕೋರಿಕೆಯನ್ನು ಮೊದಲ ಸಲ ಇನ್‌ಬಾಕ್ಸ್‌ನಲ್ಲಿ ಓದಲು ಇಷ್ಟಪಡುವುದಿಲ್ಲ. ಮೊದಲು ನಿಮ್ಮ ಲೀಡ್‌ಗೆ ಹೇಳಿ: 'ಡೇಟಾ ಕಡೆಯ ಕೆಲಸ ಕಲಿಯಬೇಕೆಂದಿದೆ, ಸರ್ ಹತ್ತಿರ ಕೇಳೋಣ ಅಂತಿದ್ದೇನೆ, ನಿಮಗೆ ಮೊದಲು ತಿಳಿಸಬೇಕೆನಿಸಿತು.' ಅವರು ಬೇಸರಪಟ್ಟುಕೊಳ್ಳಬಹುದು. ಬೇರೆಯವರ ಬಾಯಿಂದ ಕೇಳಿದರೆ ಇದರ ಎರಡರಷ್ಟು ಬೇಸರವಾಗುತ್ತದೆ. ಆಮೇಲೆ ಮ್ಯಾನೇಜರ್ ಹತ್ತಿರ ಹದಿನೈದು ನಿಮಿಷ ಕೇಳಿ ಪಡೆಯಿರಿ. ರಿಲೀಸ್ ಇರುವ ದಿನ, ಶುಕ್ರವಾರ ಸಂಜೆ ಬೇಡ. ಮಾತು ಇಂಗ್ಲಿಷಿನಲ್ಲೇ ಆಗಲಿ, ಹಿಂದಿಯಲ್ಲಿ ಶುರು ಮಾಡಿ ಮಧ್ಯದಲ್ಲಿ ಸಿಕ್ಕಿಕೊಳ್ಳಬೇಡಿ. ಮಾತಾದ ದಿನವೇ ಮೇಲ್ ಹೋಗಬೇಕು. ಆಗ ಅದು ಆಡಿದ ಮಾತಿನ ದಾಖಲೆಯಾಗುತ್ತದೆ, ಸಿಡಿಲಿನಂತೆ ಎರಗುವುದಿಲ್ಲ.

ಮೇಲ್ ಇಂಗ್ಲಿಷಿನಲ್ಲಿ ಹೋಗಬೇಕು, ಸರಿ. ಒಕ್ಕಣೆ ಹೇಗಿರಬೇಕೆಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಇದನ್ನು ನಿಮ್ಮ ಸ್ವಂತ ಇಂಗ್ಲಿಷಿನಲ್ಲಿ ಬರೆಯಿರಿ, ದೊಡ್ಡ ಪದಗಳು ಬೇಕಾಗಿಲ್ಲ.

> ವಿಷಯ: ಏಪ್ರಿಲ್ 6ರಿಂದ ಡೇಟಾ ತಂಡದಲ್ಲಿ ಕೆಲಸ ಮಾಡಲು ಕೋರಿಕೆ
>
> ನಮಸ್ಕಾರ ಸರ್,
>
> ಇವತ್ತು ಮಾತಿಗೆ ಸಮಯ ಕೊಟ್ಟದ್ದಕ್ಕೆ ಧನ್ಯವಾದ. ನಾನು ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ.
>
> ಫೆಬ್ರವರಿ 2ರಿಂದ ವಿಮಾ ಪೋರ್ಟಲ್‌ನ 140 ಟೆಸ್ಟ್ ಕೇಸ್‌ಗಳನ್ನು ಪ್ರತಿ ವಾರ ನೋಡುತ್ತಿದ್ದೇನೆ. ಫೆಬ್ರವರಿ 29ರ ಪಾಲಿಸಿಗಳ ನವೀಕರಣ ದಿನಾಂಕದ ದೋಷ ಸಿಕ್ಕಿದ್ದು ಈ ಕೆಲಸದಲ್ಲೇ. ಅಂಥ ದೋಷ ಡೇಟಾದಲ್ಲಿ ಹೇಗೆ ಹುಟ್ಟುತ್ತದೆ, ಅದನ್ನು ಮೊದಲೇ ಹಿಡಿಯುವುದು ಹೇಗೆ ಎಂದು ಕಲಿಯುವ ಆಸೆಯಿದೆ.
>
> ಸಾಧ್ಯವಿದ್ದರೆ ಏಪ್ರಿಲ್ 6ರಿಂದ ಡೇಟಾ ತಂಡದಲ್ಲಿ, ಟೆಸ್ಟ್ ಡೇಟಾದ ಮೇಲೆ ಎಸ್‌ಕ್ಯೂಎಲ್ ತಪಾಸಣೆಗಳನ್ನು ಬರೆಯುವಂಥ ಒಂದು ಸಣ್ಣ ಕೆಲಸ ಕೊಡಿ. ಮೇ ಕೊನೆಯೊಳಗೆ ಅದನ್ನು ಮುಗಿಸಿ ತೋರಿಸುತ್ತೇನೆ.
>
> ಹೊರಡುವ ಮುನ್ನ ಟೆಸ್ಟ್ ಕೇಸ್‌ಗಳ ಹಸ್ತಾಂತರದ ಟಿಪ್ಪಣಿ ಬರೆದಿಡುತ್ತೇನೆ, ಹೊಸಬರ ಜೊತೆ ಒಂದು ಸುತ್ತು ಪೂರ್ತಿ ಓಡಿಸುತ್ತೇನೆ. ಪೂರ್ತಿ ಬದಲಾವಣೆ ಕಷ್ಟವಾದರೆ ವಾರದಲ್ಲಿ ಎರಡು ಮಧ್ಯಾಹ್ನ ಆ ತಂಡದ ಜೊತೆ ಕೂರಲು ಅವಕಾಶವಿದ್ದರೂ ಸಾಕು, ಈಗಿನ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತೇನೆ.
>
> ಲೀಡ್ ಅವರಿಗೆ ಈ ವಿಷಯ ತಿಳಿಸಿದ್ದೇನೆ.

ಇಷ್ಟೇ. ಈಗಿನ ಪ್ರಾಜೆಕ್ಟ್ ಬಗ್ಗೆ ಒಂದು ಕೆಟ್ಟ ಮಾತೂ ಇಲ್ಲದಿರುವುದನ್ನು ಗಮನಿಸಿ. ಅದನ್ನು ನಾನು ವಿನಯಕ್ಕಾಗಿ ಬಿಟ್ಟಿಲ್ಲ. ಆ ಪ್ರಾಜೆಕ್ಟಿನಲ್ಲಿ ನೀವು ಹಿಡಿದ ದೋಷವೇ ಇಲ್ಲಿ ನಿಮ್ಮ ಅರ್ಹತೆಯ ಸಾಕ್ಷಿ. ಪ್ರಾಜೆಕ್ಟನ್ನು ತೆಗಳಿದರೆ ಸಾಕ್ಷಿಯನ್ನೂ ತೆಗಳಿದಂತೆ. 'ನನ್ನ ಕೌಶಲಕ್ಕೆ ತಕ್ಕ' ಎಂಬ ಮಾತನ್ನೂ ತೆಗೆದಿದ್ದೇನೆ, ಏಕೆಂದರೆ ಡೇಟಾ ತಂಡದ ಕೌಶಲ ನಿಮಗೆ ಇನ್ನೂ ಬಂದಿಲ್ಲ, ಅದನ್ನು ಕಲಿಯಲೆಂದೇ ಹೋಗುತ್ತಿರುವುದು. ಎಚ್‌ಆರ್‌ಗೆ, ಕಾಲೇಜಿನ ಗೈಡ್‌ಗೆ ಕಾಪಿ ಹಾಕಬೇಡಿ. ಕೇಳುವ ಮೊದಲೇ ಸಾಕ್ಷಿಗಳನ್ನು ಕರೆತಂದರೆ ಮ್ಯಾನೇಜರ್ ತಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ಭಾವಿಸುತ್ತಾರೆ. ಡೇಟಾ ತಂಡದ ಮ್ಯಾನೇಜರ್ ಹತ್ತಿರ ಮೊದಲೇ ಹೋಗಿ ಮಾತು ತೆಗೆದುಕೊಳ್ಳುವುದೂ ಬೇಡ. ಆ ತಂಡದ ಹುಡುಗರ ಜೊತೆ ಊಟಕ್ಕೆ ಕೂತು ಅಲ್ಲಿ ನಿಜವಾಗಿ ಏನು ನಡೆಯುತ್ತದೆಂದು ಕೇಳಿ ತಿಳಿದುಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಹೊರಗಿನಿಂದ ಪೈಥಾನ್ ಕಾಣುತ್ತದೆ. ಒಳಗೆ ಕೂತವರು ದಿನವಿಡೀ ಕೆಟ್ಟ ಫೈಲುಗಳ ಕಾಲಂ ಸರಿಪಡಿಸುತ್ತಿರಲೂಬಹುದು.

ಇನ್ನೊಂದು ಸಣ್ಣ ಮಾತು. ಈ ಕರಡನ್ನು ರಾತ್ರಿ ಮೆಟ್ರೋದಲ್ಲಿ ಮೊಬೈಲಿನಲ್ಲೇ ಬರೆದೆ ಎಂದಿದ್ದೀರಿ. ಸೈಬರ್ ಸಿಟಿಯಿಂದ ಸಿಕಂದರ್‌ಪುರ, ಅಲ್ಲಿಂದ ಹೌಜ್ ಖಾಸ್, ಮತ್ತೆ ಮೆಜೆಂಟಾ ಲೈನ್ ಹಿಡಿದು ಜನಕಪುರಿ ವೆಸ್ಟ್. ಎರಡು ಸಲ ಗಾಡಿ ಬದಲಿಸಿ ನಿಂತು ಬರುವಾಗ ಬರೆದ ಮಾತಿನಲ್ಲಿ ಆ ದಿನದ ದಣಿವೆಲ್ಲ ಇಳಿದಿರುತ್ತದೆ. ಮೆಟ್ರೋದಲ್ಲಿ ಎಷ್ಟು ಬೇಕಾದರೂ ಬರೆಯಿರಿ, ಯಾರಿಗೆ ಎಂಬ ಜಾಗವನ್ನು ಖಾಲಿ ಬಿಡಿ, ಬೆಳಗ್ಗೆ ಆಫೀಸಿನ ಕಂಪ್ಯೂಟರಿನಲ್ಲಿ ಓದಿ ಆಮೇಲೆ ತುಂಬಿ. ಕಂಪನಿಯ ಹೆಸರು, ಗ್ರಾಹಕರ ಹೆಸರು ತೆಗೆದು ಇನ್ನೊಬ್ಬರಿಗೆ ತೋರಿಸಿದರೆ ಇನ್ನೂ ಒಳ್ಳೆಯದು. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಚಿಕ್ಕಮ್ಮನವರು ಹೋಗುತ್ತಾರೆಂದು ಬರೆದಿದ್ದೀರಲ್ಲ, ಒಂದು ಭಾನುವಾರ ನೀವೂ ಹೋಗಿ. ಗುರುಗ್ರಾಮ, ನೋಯ್ಡಾ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರ ಪರಿಚಯವಾದರೆ, ಇಂಟರ್ನ್‌ಗಳನ್ನು ನೋಡಿಕೊಂಡವರು ಅವರಲ್ಲಿ ಒಬ್ಬರಾದರೂ ಸಿಗುತ್ತಾರೆ.

ಬರುವ ಉತ್ತರಗಳ ಪೈಕಿ ಪೂರ್ತಿ ಹೂಂ ಬರುವುದು ಅಪರೂಪ. 'ವಾರಕ್ಕೆ ಎರಡು ಮಧ್ಯಾಹ್ನ ಹೋಗಿ ಬಾ' ಎಂಬುದೇ ಹೆಚ್ಚು ಸಂಭವ, ನನ್ನನ್ನು ಕೇಳಿದರೆ ಅದೇ ನಿಮಗೆ ಹೆಚ್ಚು ಲಾಭ. ಹಳೆಯ ತಂಡದ ವಿಶ್ವಾಸ ಉಳಿಯುತ್ತದೆ, ಹೊಸ ತಂಡದಲ್ಲಿ ಮೊದಲ ದಿನವೇ ಎಲ್ಲ ಗೊತ್ತಿರಬೇಕೆಂಬ ಒತ್ತಡವಿಲ್ಲ. ಆದರೆ ಆ ಎರಡು ಮಧ್ಯಾಹ್ನ ಸುಮ್ಮನೆ ಹಿಂದೆ ಕುರ್ಚಿ ಹಾಕಿಕೊಂಡು ನೋಡುವುದರಲ್ಲೇ ಮುಗಿದುಹೋಗಬಾರದು. ಮೊದಲ ವಾರವೇ, 'ನನ್ನ ಹೆಸರಿನಲ್ಲಿ ಒಂದು ಸಣ್ಣ ಟಿಕೆಟ್ ಇರಲಿ' ಎಂದು ಕೇಳಿ. ಹೆಸರಿನಲ್ಲಿ ಟಿಕೆಟ್ ಇದ್ದರೆ ಪ್ರವೇಶ ಕೊಡುತ್ತಾರೆ, ನೀವು ಬರೆದದ್ದನ್ನು ಯಾರಾದರೂ ತಿದ್ದುತ್ತಾರೆ. ಆ ತಿದ್ದುಪಡಿಯಲ್ಲೇ ಕಲಿಕೆ ಇರುವುದು. ಮೂರು ವಾರ ಕಳೆದರೂ ನಿಮ್ಮ ಹೆಸರಿನಲ್ಲಿ ಏನೂ ಇಲ್ಲವಾದರೆ ಆ ಏರ್ಪಾಡು ಹೆಸರಿಗಷ್ಟೇ ಎಂದು ತಿಳಿಯಿರಿ, ಮ್ಯಾನೇಜರಿಗೆ ನೆನಪಿಸಿ.

'ಗ್ರಾಹಕ ಕಂಪನಿ ಒಪ್ಪುವುದಿಲ್ಲ' ಎಂದರೆ ವಾದಿಸಬೇಡಿ. ಈಗಿನ ಪ್ರಾಜೆಕ್ಟಿನಲ್ಲೇ ಎರಡು ವಿಷಯ ಕೇಳಿ ಪಡೆಯಿರಿ. ನೀವು ಹಾಕಿದ ಟಿಕೆಟ್ ಮುಚ್ಚುವಾಗ ಆ ಡೆವಲಪರ್ ಹತ್ತು ನಿಮಿಷ ಕೋಡ್ ತೋರಿಸಲಿ. ಇನ್ನು, ಆ ನೂರ ನಲವತ್ತರಲ್ಲಿ ಪ್ರತಿ ವಾರ ಬದಲಾಗದೆ ಬರುವ ಹತ್ತು ಕೇಸ್‌ಗಳನ್ನು ಸೆಲೆನಿಯಂನಲ್ಲೋ ಪ್ಲೇರೈಟ್‌ನಲ್ಲೋ ತಾನಾಗಿ ಓಡುವಂತೆ ಬರೆಯಲು ಬಿಡಲಿ. ಲಾಗಿನ್, ಪ್ರೀಮಿಯಂ ಲೆಕ್ಕದಂಥ ನೇರ ಕೇಸ್‌ಗಳಿಂದ ಶುರು ಮಾಡಿ. ಒಟಿಪಿ ಬರುವಂಥವು, ಹಣ ಪಾವತಿಯವು ಮೊದಲಿಗೆ ಬೇಡ, ಅಲ್ಲೇ ಸಿಕ್ಕಿಬಿದ್ದು ತಿಂಗಳು ಹೋಗುತ್ತದೆ. ಹತ್ತು ಕೇಸ್ ನಂಬಿಕೆಯಾಗುವಂತೆ ಓಡಿದರೆ ವಾರಕ್ಕೆ ಕೆಲವು ಗಂಟೆ ನಿಮಗೇ ಉಳಿಯುತ್ತದೆ, ಲೀಡ್‌ಗೂ ನಿಮ್ಮನ್ನು ಬಿಟ್ಟುಕೊಡುವುದು ಸುಲಭವಾಗುತ್ತದೆ.

ಉತ್ತರವೇ ಬರದಿದ್ದರೆ ಒಂದು ವಾರ ಕಾಯಿರಿ. ಅದೇ ಮೇಲ್‌ನ ಕೆಳಗೆ ಒಂದು ಸಾಲು ಬರೆಯಿರಿ: 'ಏಪ್ರಿಲ್ 6 ಹತ್ತಿರ ಬರುತ್ತಿದೆ, ಹಸ್ತಾಂತರದ ಟಿಪ್ಪಣಿ ಸಿದ್ಧವಿದೆ, ಮುಂದೇನು ಮಾಡಲಿ?' ಟಿಪ್ಪಣಿ ನಿಜವಾಗಿಯೂ ಸಿದ್ಧವಿರಬೇಕು. ಯಾವ ಕೇಸ್ ಆಗಾಗ ಕಾರಣವಿಲ್ಲದೆ ಫೇಲ್ ಆಗುತ್ತದೆ, ಯಾವ ಟೆಸ್ಟ್ ಖಾತೆಯಲ್ಲಿ ಯಾವ ಪಾಲಿಸಿ ಇದೆ, ಯಾವ ದೋಷಕ್ಕೆ ಯಾರನ್ನು ಕೇಳಬೇಕು ಎಂಬುದು ಒಂದೂವರೆ ಪುಟದಲ್ಲಿ ಬಂದರೆ ಸಾಕು. ಪಾಸ್‌ವರ್ಡ್‌ಗಳನ್ನು ಅದರಲ್ಲಿ ಬರೆಯಬೇಡಿ.

ಒಂದು ಪ್ರಶ್ನೆ ನಿಮ್ಮನ್ನು ನೀವೇ ಕೇಳಿಕೊಳ್ಳಿ, ಪತ್ರದಲ್ಲಿ ಇಲ್ಲದಿದ್ದರೂ ನಾನು ಕೇಳಲೇಬೇಕು. ತಂಡ ಬಿಡಬೇಕೆನಿಸುವುದಕ್ಕೆ ಕಲಿಕೆಯೇ ಕಾರಣವೋ, ಅಲ್ಲಿ ಯಾರದಾದರೂ ನಡತೆ ಕಾರಣವೋ? ನಡತೆ ಕಾರಣವಾದರೆ ಅದನ್ನು ಕಲಿಕೆಯ ಹೆಸರಿನಲ್ಲಿ ಮುಚ್ಚಬೇಡಿ. ಕೆಲಸದ ಜಾಗದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ. ದೂರು ಹೋಗಬೇಕಾದ್ದು ಕಂಪನಿಯ ಆಂತರಿಕ ಸಮಿತಿಗೆ, ಘಟನೆಯಾದ ಮೂರು ತಿಂಗಳೊಳಗೆ ಕೊಡಬೇಕು. ಅಂಥದ್ದೇನಾದರೂ ಇದ್ದರೆ ಈ ಇಡೀ ಉತ್ತರ ಬದಿಗಿಟ್ಟು ಚಿಕ್ಕಮ್ಮನಿಗೆ ಇವತ್ತೇ ಹೇಳಿ, ನನಗೂ ಬರೆಯಿರಿ.

ಕೊನೆಗೆ ನಿಮ್ಮ ಪಿಪಿಒ ಭಯ. ಅದು ಪೂರ್ತಿ ಆಧಾರವಿಲ್ಲದ್ದಲ್ಲ. ನೀವು ಏಪ್ರಿಲ್‌ನಲ್ಲಿ ತಂಡ ಬಿಟ್ಟರೆ ಜೂನ್‌ನಲ್ಲಿ ಮೌಲ್ಯಮಾಪನ ಬರೆಯುವವರು ನಿಮ್ಮನ್ನು ಹನ್ನೊಂದು ವಾರ ಮಾತ್ರ ನೋಡಿದವರು, ಅದರಲ್ಲೂ ನೀವು ತಡಬಡಾಯಿಸುತ್ತಿದ್ದ ವಾರಗಳೇ ಹೆಚ್ಚು. ಮೊದಲ ಒಂಬತ್ತು ವಾರದ ಒಳ್ಳೆಯ ಕೆಲಸಕ್ಕೆ ಮಾತಾಡುವವರೇ ಇರುವುದಿಲ್ಲ. ಕೋರಿಕೆಯಿಂದ ಪಿಪಿಒ ತಪ್ಪುವುದಕ್ಕಿಂತ ಹೀಗೆ ತಪ್ಪುವುದೇ ಹೆಚ್ಚು. ಅದಕ್ಕೆ, ತಂಡ ಬಿಡುವ ಮುನ್ನ ಈಗಿನ ಲೀಡ್ ಹತ್ತಿರ ನಾಲ್ಕು ಸಾಲಿನ ಅಭಿಪ್ರಾಯವನ್ನು ಮೇಲ್‌ನಲ್ಲಿ ಬರೆದು ಮ್ಯಾನೇಜರಿಗೆ ಕಳಿಸಿಕೊಡಲು ಕೇಳಿ. ಏನು ಬರೆಯಲಿ ಎಂದು ಅವರು ಕೇಳಿದರೆ, ಓಡಿಸಿದ ಸುತ್ತುಗಳು, ಹಿಡಿದ ದೋಷಗಳ ಟಿಕೆಟ್ ನಂಬರ್ ನೀವೇ ಕೊಡಿ.

ಬದಲಾವಣೆ ಖಚಿತವಾದ ದಿನ ಕಾಲೇಜಿನ ಗೈಡ್‌ಗೆ ತಿಳಿಸಿ. ಇಂಟರ್ನ್‌ಶಿಪ್ ಶೀರ್ಷಿಕೆಯನ್ನು ಮೊದಲೇ ಕೊಟ್ಟಿದ್ದರೆ ಅದನ್ನು ಬದಲಿಸಬೇಕೋ, ವರದಿಯಲ್ಲಿ ಎರಡು ಭಾಗ ಮಾಡಿದರೆ ಸಾಕೋ ಎಂದು ಅವರಿಂದ ಬರಹದಲ್ಲೇ ಪಡೆಯಿರಿ, ಕಂಪನಿ ಕೊಡುವ ಪ್ರಮಾಣಪತ್ರದಲ್ಲೂ ಅದೇ ಶೀರ್ಷಿಕೆ ಬರುವಂತೆ ನೋಡಿಕೊಳ್ಳಿ. ವರದಿಯಲ್ಲಿ ಗ್ರಾಹಕ ಕಂಪನಿಯ ಹೆಸರು, ಪರದೆಯ ಚಿತ್ರ ಹಾಕಬಹುದೇ ಎಂಬುದನ್ನು ಮ್ಯಾನೇಜರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಫೆಬ್ರವರಿ 29ರ ದೋಷವನ್ನು ಮಾತ್ರ ಮೊದಲ ಭಾಗದಲ್ಲಿ ವಿವರವಾಗಿ ಬರೆಯಿರಿ, ಕಾರಣದ ಸಮೇತ. ವೈವಾದಲ್ಲಿ ಅದರ ಬಗ್ಗೆಯೇ ಹೆಚ್ಚು ಕೇಳುತ್ತಾರೆ. ಆದ್ದರಿಂದ ನಾಳೆ ಬೆಳಗ್ಗೆ ಆಫೀಸಿಗೆ ಹೋದ ಕೂಡಲೇ ಆ ಟಿಕೆಟ್ ಮುಚ್ಚಿದ ಡೆವಲಪರ್ ಯಾರೆಂದು ನೋಡಿ, ಹತ್ತು ನಿಮಿಷ ಸಮಯ ಕೇಳಿ.